ಹತ್ತೂ ನಲವತ್ತಕ್ಕೆ ಒಂದು ಸಂದೇಶ

ನಮ್ಮವ್ವ ಕೌದಿ ಹೊಲಿಯಲು ಕೂತಳೆಂದರೆ ಬೇವೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಳೆಯ ಸೀರೆಗಳು, ಅಪ್ಪನ ಸವೆದ ಧೋತರ, ನನ್ನ ಹೈಸ್ಕೂಲಿನ ನೀಲಿ ಲಂಗ, ಎಲ್ಲವೂ ಪದರ ಪದರವಾಗಿ ಹಾಸಿಕೊಂಡು ಮಲಗಿರುತ್ತವೆ; ಅವುಗಳ ಮೇಲೆ ಅವ್ವ ಒಂದು ಮಂಡಿ ಊರಿ, ಇನ್ನೊಂದನ್ನು ಎದೆಗೆ ಒತ್ತಿಕೊಂಡು, ಉದ್ದನೆಯ ಸೂಜಿಯೊಡನೆ ಅಂಚಿನಿಂದ ಅಂಚಿಗೆ ನಿಧಾನ ಸರಿಯುತ್ತಾಳೆ. ನೀವು ಎಂದಾದರೂ ಕೌದಿಯ ಹೊಲಿಗೆಯನ್ನು ಹತ್ತಿರದಿಂದ ನೋಡಿದ್ದೀರಾ? ದಾರ ಅಕ್ಕಿಕಾಳಿನಷ್ಟು ಮೇಲೆ ಕಾಣುತ್ತದೆ, ಮತ್ತೆ ಅಷ್ಟೇ ದೂರ ಕಾಣದೆ ಹೋಗುತ್ತದೆ. ಕಾಣದಾಗ ಅದು ಎಲ್ಲಿಗೂ ಹೋಗಿರುವುದಿಲ್ಲ, ಕೆಳಗಿನ ಪದರವನ್ನು ಹಿಡಿದುಕೊಂಡಿರುತ್ತದೆ. ಇಷ್ಟು ಸರಳವಾದದ್ದನ್ನು ಹುಟ್ಟಿದಾಗಿನಿಂದ ಹೊದ್ದುಕೊಂಡು ಮಲಗಿದ ನಾನು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೂ ಒಂದು ಮೊಬೈಲಿನಿಂದ ಪೆಟ್ಟು ತಿಂದ ಮೇಲೆ, ಅರ್ಥಮಾಡಿಕೊಂಡೆ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಸಂಕೋಚಪಡುವಷ್ಟು ಸುಲಭವಾಗಿ ಅದು ಸಿಕ್ಕಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿ ನನ್ನನ್ನು ಕೊಪ್ಪಳದ ಹಾಸ್ಟೆಲಿಗೆ ಸೇರಿಸಿದ. ಅಲ್ಲಿ ಮೊದಲ ವಾರ, ಗೆಳತಿಯರೆಲ್ಲ ಮನೆಯವರಿಗೆ ಸಂದೇಶ ಕಳಿಸುವುದನ್ನು ಕಂಡು ನಾನೂ ಅವ್ವನ ಗುಂಡಿಯ ಫೋನಿಗೆ ಒಂದನ್ನು ಕಳಿಸಿದೆ: ಅವ್ವಾ, ಇಲ್ಲಿ ಅನ್ನ ಬಿಸಿ ಇರುತ್ತದೆ, ಚಿಂತೆ ಮಾಡಬೇಡ. ಅವ್ವನಿಗೆ ಓದು ಬಾರದು. ಫೋನಿನ ಮೂಲೆಯಲ್ಲಿ ಮೂಡಿದ ಪುಟ್ಟ ಲಕೋಟೆಯನ್ನು ಕಂಡು ಫೋನು ಕೆಟ್ಟಿತೆಂದು ಹೆದರಿ ಆಕೆ ಅಂಗಡಿಯವನ ಹತ್ತಿರ ಒಯ್ದಳಂತೆ, ಅವನು ಅದನ್ನು ಅಳಿಸಿಕೊಟ್ಟನಂತೆ. ಬರೆಯಲಿಕ್ಕೆ ಕಲಿತವಳಿಗೆ ಓದುವವರೇ ಇಲ್ಲದ ಆ ದಿನಗಳು ನನ್ನೊಳಗೆ ಎಲ್ಲಿಯೋ ಉಳಿದುಬಿಟ್ಟಿದ್ದವು. ಬರೆದದ್ದನ್ನು ಒಬ್ಬರು ಓದಿ, ಓದಿದೆ ಎಂದು ಮರಳಿ ಬರೆದರೆ ಹೇಗಿರುತ್ತದೆ ಎಂಬ ಆಸೆ, ಹೊಲದ ಬದುವಿನ ಹುಲ್ಲಿನಂತೆ, ಒಂದು ಹನಿಗೆ ಕಾದುಕೊಂಡಿತ್ತು.

ಹನಿ ಬಿದ್ದದ್ದು ಗಂಗಕ್ಕನಿಂದ. ಕುಷ್ಟಗಿ ತಾಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ವಾರವಿಡೀ ಕುಷ್ಟಗಿಯ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಬೇವೂರಿಗೆ ಹೋಗುತ್ತೇನೆ. ಗಂಗಕ್ಕ ನಮ್ಮ ಶಾಲೆಯ ಬಿಸಿಯೂಟ ಮಾಡುವಾಕೆ. ಆಕೆಯ ತಮ್ಮ ಶರಣಪ್ಪ ಸರ್ಕಾರಿ ಬಸ್ಸಿನ ಚಾಲಕರು, ಕುಷ್ಟಗಿಯಿಂದ ತಾವರಗೇರಿ, ಕನಕಗಿರಿ ಹಾಯ್ದು ಗಂಗಾವತಿಗೆ ಹೋಗುವ ಬಸ್ಸು. ಆ ಬಸ್ಸಿನಲ್ಲಿ ನಾಲ್ಕಾರು ಸಲ ನಾನೂ ಕೂತಿದ್ದೆ. ತಗ್ಗು ಬಂದಾಗ ಹಿಂದೆ ಕೂತ ಮುದುಕಿಯರನ್ನು ಕನ್ನಡಿಯಲ್ಲಿ ಒಮ್ಮೆ ನೋಡಿ ಬಸ್ಸು ನಿಧಾನ ಮಾಡುವ ಚಾಲಕ ಎಂದಷ್ಟೇ ನೆನಪು. ಗಂಗಕ್ಕ ಒಂದು ಭಾನುವಾರ ತನ್ನ ಮನೆಗೆ ಚಹಾಕ್ಕೆ ಕರೆದಳು, ಅವರೂ ಇದ್ದರು, ಮಾತಿಗಿಂತ ಹೆಚ್ಚು ಚಹಾ ಕುಡಿದೆವು. ಹೊರಡುವಾಗ ಗಂಗಕ್ಕ ಇಬ್ಬರ ನಂಬರನ್ನೂ ಇಬ್ಬರಿಗೂ ಕೊಟ್ಟು, "ಹಿರೇರಿಗೆ ಈಗ ಹೇಳೂದು ಬ್ಯಾಡ. ಮೊದಲ ನೀವಿಬ್ರು ಮಾತಾಡಿ ನೋಡ್ರಿ, ಮನಸ ಕೂಡಿದ್ರ ಆಮ್ಯಾಲ ನಾ ಅದೀನಿ," ಅಂದಳು. ನಮ್ಮ ಕಡೆ ಇಂಥ ಅವಕಾಶ ಎಷ್ಟು ಹೆಣ್ಣುಮಕ್ಕಳಿಗೆ ಸಿಗುತ್ತದೆ ಎಂದು ನಿಮಗೆ ಗೊತ್ತಿದೆ. ಅದು ಸಿಕ್ಕಿತು, ಮನುಷ್ಯ ಹಿಡಿಸಿದ್ದರು, ಇನ್ನು ಕೆಡಿಸಿಕೊಳ್ಳದಿದ್ದರೆ ಸಾಕಿತ್ತು.

ಮೊದಲ ಸಂದೇಶ ಅವರದೇ: "ನಮಸ್ಕಾರ್ರಿ ಟೀಚರ್, ಊರು ಮುಟ್ಟಿದ್ರ್ಯಾ?" ಮುಟ್ಟಿದೆ ಎಂದು ನಾನು ಒಂದು ಸಾಲು ಬರೆಯಬೇಕಿತ್ತು, ಹನ್ನೊಂದು ಸಾಲು ಬರೆದೆ. ಮರುದಿನದಿಂದ ನನ್ನ ದಿನವೆಲ್ಲ ಆ ಪುಟ್ಟ ಗಾಜಿನೊಳಗೆ ಹರಿಯತೊಡಗಿತು. ಬೆಳಿಗ್ಗೆ ಹೂವಿನ ಚಿತ್ರದೊಡನೆ ಶುಭೋದಯ. ಪ್ರಾರ್ಥನೆ ಮುಗಿದೊಡನೆ ಇವತ್ತಿನ ಪಾಠ ಯಾವುದು ಎಂಬ ವರದಿ. ಮಧ್ಯಾಹ್ನ, ಊಟ ಆತ? ಸಂಜೆ, ಚಹಾ ಆತ? ಮಧ್ಯೆ ಮಧ್ಯೆ ಪ್ರಶ್ನೆಗಳು: ನಿಮಗೆ ಯಾವ ಬಣ್ಣ ಇಷ್ಟ, ಯಾವ ಪಲ್ಯ ಇಷ್ಟ, ಸಿಟ್ಟು ಬಂದರೆ ಏನು ಮಾಡುತ್ತೀರಿ. ಎರಡು ಪ್ರಶ್ನೆ ಒಟ್ಟಿಗೆ ಕೇಳಿದಾಗ ಅವರು ಒಂದಕ್ಕೇ ಉತ್ತರಿಸಿದರೆ, ಕೊನೆಯ ಬೆಂಚಿನ ಹುಡುಗನಿಗೆ ನೆನಪಿಸುವಂತೆ, ಎರಡನೆಯದನ್ನು ಮತ್ತೆ ಬರೆಯುತ್ತಿದ್ದೆ. ಅವರ ಉತ್ತರಗಳು ದಿನಕ್ಕೆ ಎರಡೋ ಮೂರೋ ಬರುತ್ತಿದ್ದವು, ಚಿಕ್ಕವು, ಆದರೆ ಒಳ್ಳೆಯವು. ಒಮ್ಮೆ ಗಂಗಾವತಿಯ ಹತ್ತಿರದ ಭತ್ತದ ಗದ್ದೆಯ ಚಿತ್ರ ಕಳಿಸಿ, "ಇವತ್ತ ಹಸಿರು ಭಾಳ ಐತ್ರಿ," ಎಂದು ಬರೆದಿದ್ದರು. ಒಣಭೂಮಿಯ ನಾನು ಆ ಹಸಿರನ್ನು ಸಂಜೆಯತನಕ ಕಣ್ಣಲ್ಲಿಟ್ಟುಕೊಂಡು ತಿರುಗಾಡಿದೆ. ಅದಕ್ಕೆ ಪ್ರತಿಯಾಗಿ ಒಂಬತ್ತು ಚಿತ್ರ ಕಳಿಸಿದೆ.

ಊಟದ ವಿಷಯಕ್ಕೆ ಒಂದು ಮಾತು. ನಮ್ಮ ಕಡೆ ದಾರಿಯಲ್ಲಿ ಎದುರಾದವರು "ಊಟ ಆತೇನ್ರಿ?" ಎಂದು ಕೇಳಿ ನಿಲ್ಲದೆ ಮುಂದೆ ಹೋಗುತ್ತಾರೆ. ಯಾರೂ ನಿಜವಾಗಿ ಊಟದ ಲೆಕ್ಕ ಕೇಳುವುದಿಲ್ಲ. ನೀನು ಇದ್ದೀ, ನಾನು ಕಂಡೆ ಎನ್ನುವುದು ಅದರ ತಿರುಳು. ಉತ್ತರ ಬಾರದಿದ್ದರೂ ಯಾರ ಮನಸ್ಸೂ ಮುರಿಯುವುದಿಲ್ಲ. ಅದೇ ಮಾತು ಫೋನಿನೊಳಗೆ ಬಂದು ಕೂತರೆ ಮುಂದೆ ನಡೆದು ಹೋಗುವುದಿಲ್ಲ, ಬಾಗಿಲಲ್ಲಿ ನಿಂತ ನೆಂಟನಂತೆ ಉತ್ತರಕ್ಕಾಗಿ ಕಾಯುತ್ತ ನಿಲ್ಲುತ್ತದೆ. ದಾರಿಯ ಮಾತನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದು ನನ್ನ ಮೊದಲ ತಪ್ಪು. ಅದೂ ದಿನಕ್ಕೆ ಮೂರು ಸಲ.

ಎರಡನೆಯದು ದೊಡ್ಡದು. ಒಂದು ಸಂಜೆ ಯಲಬುರ್ಗಾದಲ್ಲಿ ನಮ್ಮ ಮಕ್ಕಳ ವಿಜ್ಞಾನ ಮಾದರಿಗೆ ಬಹುಮಾನ ಬಂತು. ಸಂತೋಷ ತಡೆಯಲಾರದೆ ಬಸ್ಸಿನಲ್ಲೇ ಬರೆಯಲು ಶುರುಮಾಡಿದೆ. ಮಕ್ಕಳ ಚಿತ್ರ, ಬಹುಮಾನದ ಚಿತ್ರ, ಆಮೇಲೆ ಅದರ ಕಥೆ. ನನ್ನ ಪ್ರತಿ ಸಾಲಿನ ಪಕ್ಕ ಒಂದೇ ಬೂದು ಗೆರೆ ಮೂಡುತ್ತಿತ್ತು, ಎರಡನೆಯದು ಮೂಡುತ್ತಿರಲಿಲ್ಲ. ಒಂದೇ ಗೆರೆ ಎಂದರೆ ಸಂದೇಶ ಇನ್ನೂ ಅವರ ಫೋನನ್ನು ಮುಟ್ಟಿಯೇ ಇಲ್ಲ ಎಂದು ಅರ್ಥ. ವಿಜ್ಞಾನ ಕಲಿಸುವ ನನಗೆ ಇದು ಗೊತ್ತಿತ್ತು. ಆದರೆ ಕಾಯುವವರಿಗೆ ಗೊತ್ತಿರುವುದೆಲ್ಲ ನೆನಪಿರುವುದಿಲ್ಲ ನೋಡಿ. ನನ್ನನ್ನು ಬೇಕೆಂದೇ ಹೊರಗಿಟ್ಟಿದ್ದಾರೆ ಎಂದುಕೊಂಡೆ. ಮುಂದಿನ ಸಂದೇಶಗಳು ಹೀಗಿದ್ದವು: ಊಟ ಆತ? ಯಾಕೆ ಸುಮ್ಮನಿದ್ದೀರಿ? ನನ್ನಿಂದ ಏನಾದರೂ ತಪ್ಪಾಯಿತೆ? ಇರಲಿ, ನಿಮ್ಮ ಇಷ್ಟ. ಕ್ಷಮಿಸಿ, ಸಿಟ್ಟಿನಲ್ಲಿ ಬರೆದೆ. ಹೀಗೆ ಒಬ್ಬಳೇ ಜಗಳ ಮಾಡಿ, ಒಬ್ಬಳೇ ರಾಜಿಯಾಗಿ ಮಲಗಿದೆ. ಒಟ್ಟು ಇಪ್ಪತ್ತಮೂರು.

ಅಂದು ರಾತ್ರಿ ಅವರ ಬಸ್ಸು ಹುಲಿಹೈದರ ಎಂಬ ಹಳ್ಳಿಯಲ್ಲಿ ತಂಗುವ ಸರದಿ. ಬಸ್ಸು ನಿಲ್ಲುವ ಆ ಜಾಗದಲ್ಲಿ ಅವರ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಬೆಳಗಿನ ಬಸ್ಸು ಊರು ಬಿಟ್ಟು ಕನಕಗಿರಿಯ ದಾರಿಗೆ ಬಂದೊಡನೆ ಅಂಗಿಯ ಜೇಬಿನಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ನಾನು ಒಂದು ಸಂಜೆಯ ಉದ್ದಕ್ಕೆ, ಒಂದೊಂದಾಗಿ, ಉಸಿರು ಬಿಟ್ಟು ಬಿಟ್ಟು ಬರೆದದ್ದು ಅವರಿಗೆ ಒಂದೇ ಉಸಿರಿನಲ್ಲಿ, ಬುಟ್ಟಿ ಬೋರಲು ಹಾಕಿದಂತೆ ಬಂದು ಬಿತ್ತು. ನಮ್ಮಲ್ಲಿ ಬೆಳಗಿನ ಜಾವ ಫೋನು ಹಾಗೆ ಬಡಿದುಕೊಂಡರೆ ಅದಕ್ಕೆ ಒಂದೇ ಅರ್ಥ. ಕಂಡಕ್ಟರ್ ಮೆಲ್ಲನೆ, "ಗಾಡಿ ಬಾಜೂಕ ಹಚ್ಚಿ ನೋಡಪ ಶರಣಪ್ಪ, ಮನ್ಯಾಗ ಏನರೆ ಆಗಿರಬೇಕು," ಎಂದನಂತೆ. ಅವರ ತಾಯಿಗೆ ಉಸಿರಿನ ತೊಂದರೆ ಇದೆ. ತುಂಬಿದ ಬಸ್ಸನ್ನು ದಾರಿಯ ಬದಿಗೆ ನಿಲ್ಲಿಸಿ ಅವರು ಮೊದಲು ಓದಿದ ಸಾಲು: ಊಟ ಆತ?

ಇದನ್ನು ನನಗೆ ಹೇಳಿದ್ದು ಗಂಗಕ್ಕ, ಅಡುಗೆ ಕೋಣೆಯಲ್ಲಿ ಸಾರು ತಿರುವುತ್ತ, ಅರ್ಧ ನಗುತ್ತ. ನನಗೆ ನಗು ಬರಲಿಲ್ಲ. ಆದ ನಾಚಿಕೆ ಸ್ವಲ್ಪ ಹೊತ್ತಿಗೆಲ್ಲ ಬಿಗುಮಾನವಾಯಿತು. ಸರಿ, ಇನ್ನು ಬರೆಯುವುದೇ ಇಲ್ಲ ಎಂದುಕೊಂಡೆ. ಮೂರು ದಿನ ಬರೆಯಲಿಲ್ಲ. ಹಾಗೆಂದು ಸುಮ್ಮನಿದ್ದೆನೇ? ಅವರು ಕೊನೆಗೆ ಯಾವಾಗ ಫೋನು ತೆರೆದರು ಎಂದು ಹೆಸರಿನ ಕೆಳಗೆ ತೋರಿಸುವ ಸಣ್ಣ ಅಕ್ಷರಗಳನ್ನು, ಮಕ್ಕಳಿಗೆ ಟೆಸ್ಟ್ ಕೊಟ್ಟು ಕೂಡಿಸಿದ ಹೊತ್ತಿನಲ್ಲೂ, ಹತ್ತಾರು ಸಲ ನೋಡಿದೆ. ಎರಡನೆಯ ದಿನ ಅವರೇ "ಅರಾಮ ಅದೀರೇನ್ರಿ?" ಎಂದು ಕೇಳಿದರು. ಒಂದು ದಿನ ಬಿಟ್ಟು "ಹೂಂ" ಎಂದೆ. ಹೆಚ್ಚು ಬರೆದದ್ದು ತಪ್ಪಾದರೆ ಕಡಿಮೆ ಬರೆದದ್ದು ಸರಿ ಎಂದು ನನ್ನ ಲೆಕ್ಕ. ಆದರೆ ಆ ಮೌನವೂ ಒಂದು ಪ್ರಶ್ನೆಪತ್ರಿಕೆಯೇ ಆಗಿತ್ತು. ಈತ ಬೆನ್ನು ಹತ್ತಿ ಬರುತ್ತಾನೋ ಇಲ್ಲವೋ ನೋಡೋಣ ಎಂಬ ಪರೀಕ್ಷೆ.

ಶುಕ್ರವಾರ ಗಂಗಕ್ಕ ನನ್ನನ್ನು ನೀರಿನ ತೊಟ್ಟಿಯ ಹತ್ತಿರ ಕರೆದಳು. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ.

"ಟೀಚರ, ಸಿಟ್ಟಿಗೇಳಬ್ಯಾಡ್ರಿ. ನನ್ನ ತಮ್ಮ ಹಿಂದ ಸರಿಯಾಕ ನಿಂತಾನ."

ಯಾಕೆ ಎಂದು ಕೇಳಿದೆ.

"ನೀವು ಛಲೋ ಅದೀರಿ ಅಂತಾನ. ಆದ್ರ ಅವ್ರು ಕೇಳೂದಕ್ಕ ಉತ್ರಾ ಕೊಡೂದು ನನ್ನ ಕೈಲೆ ಆಗಂಗಿಲ್ಲಕ್ಕ, ದಿನಾ ಪರೀಕ್ಷಿಗೆ ಕುಂತಂಗ ಆಗತೈತಿ ಅಂತಾನ. ಈಗ ನೋಡಿದ್ರ ಹೂಂ ಅಂತ ಒಂದ ಅಕ್ಷರ ಬರದೀರಂತ. ನಾನು ನಪಾಸಾದ್ನಿ ಅಂತ ಕುಂತಾನ."

ಪರೀಕ್ಷೆ ಎಂಬ ಮಾತು ನನಗೆ ಎಲ್ಲಿ ತಾಕಬೇಕೋ ಅಲ್ಲಿ ತಾಕಿತು. ಜೀವಮಾನವೆಲ್ಲ ಪರೀಕ್ಷೆ ಬರೆದೇ ಮೇಲೆ ಬಂದವಳು ನಾನು. ಯಾರಾದರೂ ನನ್ನನ್ನು ಅಳೆಯುತ್ತಿದ್ದಾರೆ ಎಂದರೆ ಅಂಗೈ ಹೇಗೆ ಬೆವರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಬೆವರನ್ನೇ ನಾನು ಪ್ರೀತಿ ಎಂದುಕೊಂಡು ಇನ್ನೊಬ್ಬರ ಅಂಗೈಗೆ ದಾಟಿಸುತ್ತಿದ್ದೆ. ಭಾನುವಾರದೊಳಗೆ ಅವರು ಗಂಗಕ್ಕನಿಗೆ ಕೊನೆಯ ಮಾತು ಹೇಳುವವರಿದ್ದರು.

ಶನಿವಾರ ಮಧ್ಯಾಹ್ನ ಬೇವೂರಿಗೆ ಬಂದೆ. ಪಡಸಾಲೆಯ ತುಂಬ ಕೌದಿ. ಕೈ ಸುಮ್ಮನಿದ್ದರೆ ಫೋನಿಗೆ ಹೋಗುತ್ತದೆಂದು ಸೂಜಿ ಹಿಡಿದು ಅವ್ವನ ಎದುರಿನ ಅಂಚಿಗೆ ಕೂತೆ. ಮನಸ್ಸಿನ ಬಿಗಿಯೆಲ್ಲ ದಾರಕ್ಕೆ ಇಳಿದಿತ್ತೋ ಏನೋ, ಒತ್ತೊತ್ತಾಗಿ, ಎಳೆದೆಳೆದು ಹೊಲಿದೆ. ಅರ್ಧ ಸಾಲು ಮುಗಿಯುವಷ್ಟರಲ್ಲಿ ಬಟ್ಟೆ ನಿರಿಗೆಗಟ್ಟಿ, ಮುದುಕಿಯ ಕೆನ್ನೆಯಂತೆ ಮುದುಡಿತು. ಅವ್ವ ಏನೂ ಬೈಯದೆ ನನ್ನ ಸಾಲನ್ನೆಲ್ಲ ಬಿಚ್ಚಿದಳು.

"ಎಷ್ಟ ಓದಿದ್ರೇನವ್ವ, ದಾರ ಜಗ್ಗಾಕತ್ತೀದಿ. ಜಗ್ಗಿದ್ರ ಕೆಳಗಿನ ಬಟ್ಟಿ ಮ್ಯಾಲಿನದರ ಜೋಡಿ ಬರಂಗಿಲ್ಲ. ಇಲ್ಲಿ ನೋಡು, ಕೈಲೆ ಸವರಿ ನೋಡ್ಕೋಬೇಕು, ಅದು ಎಷ್ಟ ಕೊಡತೈತಿ ಅಷ್ಟ ತಗೋಬೇಕು."

ಅವಳು ಬಟ್ಟೆಯ ಮಾತನ್ನಷ್ಟೇ ಆಡಿದಳು. ಶರಣಪ್ಪನವರ ಹೆಸರೂ ಅವಳಿಗೆ ಆಗ ಗೊತ್ತಿರಲಿಲ್ಲ. ಆದರೆ ಅವ್ವ ಪ್ರತಿ ಹತ್ತು ಹೊಲಿಗೆಗೊಮ್ಮೆ ಸೂಜಿ ನಿಲ್ಲಿಸಿ ಅಂಗೈಯಿಂದ ಬಟ್ಟೆ ಸವರುವುದನ್ನು ಆ ಮಧ್ಯಾಹ್ನ ನಾನು ಮೊದಲ ಸಲ ನೋಡಿದೆ. ನಾನು ಸವರಿಯೇ ಇರಲಿಲ್ಲ. ಎಷ್ಟು ಬರೆದರೆ ಹಿತ ಎಂದು ಅವರನ್ನು ಕೇಳಿಯೇ ಇರಲಿಲ್ಲ. ಎಷ್ಟೊಂದು ಪ್ರಶ್ನೆ ಕೇಳಿದವಳು ಬೇಕಾದ ಆ ಒಂದನ್ನು ಬಿಟ್ಟಿದ್ದೆ.

ಹಿತ್ತಲ ಕಟ್ಟೆಯ ಮೇಲೆ ಕೂತು ಒಂದೇ ಸಂದೇಶ ಬರೆದೆ. ಬರೆದು, ಅರ್ಧ ಅಳಿಸಿ, ಕಳಿಸಿದ್ದು ಇಷ್ಟು: "ಅವತ್ತು ದಾರಿಯಲ್ಲಿ ಬಸ್ಸು ನಿಲ್ಲಿಸುವಂತಾಯಿತು, ತಪ್ಪು ನನ್ನದು. ಆಮೇಲೆ ಸುಮ್ಮನಾದದ್ದು ಸಿಟ್ಟಿಗಲ್ಲ, ನಾಚಿಕೆಗೆ. ನಿಮ್ಮ ಜೊತೆ ಮಾತಾಡುವುದು ನನಗೆ ಇಷ್ಟ. ಯಾವ ಹೊತ್ತು, ಎಷ್ಟು ಬರೆದರೆ ನಿಮಗೆ ಹಗುರ ಅನ್ನಿಸುತ್ತದೆ, ಹೇಳಿ. ಬೇಡ ಅನ್ನಿಸಿದರೆ ಅದನ್ನೂ ಹೇಳಿ, ಬೇಜಾರಿಲ್ಲ. ಅವಸರವೂ ಇಲ್ಲ." ಬೇಜಾರಿಲ್ಲ ಎಂಬುದು ಸುಳ್ಳು, ಉಳಿದದ್ದು ನಿಜ. ಫೋನನ್ನು ಜೋಳದ ಡಬ್ಬಿಯ ಮೇಲಿಟ್ಟು ಮತ್ತೆ ಸೂಜಿ ಹಿಡಿದೆ. ಅದು ಅಲ್ಲಿ ಮೌನವಾಗಿ ಮಲಗಿತು. ಜಗತ್ತಿನಲ್ಲಿ ಅಷ್ಟು ಭಾರದ ವಸ್ತು ಬೇರೊಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಉತ್ತರ ಬಂತು, ಅಕ್ಷರದಲ್ಲಲ್ಲ, ದನಿಯಲ್ಲಿ. ಹಿಂದೆ ಗಂಗಾವತಿ ನಿಲ್ದಾಣದ ಗದ್ದಲ, ಶೇಂಗಾ ಮಾರುವವನ ಕೂಗು. ಅದರ ನಡುವೆ ಅವರ ನಿಧಾನದ ಮಾತು. "ಟೀಚರ್, ನನಗ ಬರಿಯೂದು ಜಲ್ದಿ ಆಗಂಗಿಲ್ರಿ, ಅದಕ್ಕ ಮಾತಾಡೇ ಹೇಳ್ತೀನಿ. ಗಾಡಿ ಮ್ಯಾಲ ಇದ್ದಾಗ ಫೋನು ಮುಟ್ಟಂಗಿಲ್ಲ, ಇನ್ನ ಮ್ಯಾಲ ದನಿ ಬಂದ್ ಮಾಡಿ ಬ್ಯಾಗಿನ್ಯಾಗ ಇಡತೀನಿ. ಹತ್ತೂ ನಲವತ್ತಕ್ಕ ಗಂಗಾವತಿ ಮುಟ್ಟತೀವಿ, ಇಪ್ಪತ್ತ ಮಿನಿಟ್ ಇರತೈತಿ. ಆವಾಗ ನಿಮ್ಮದೊಂದು ಇದ್ರ ಚಹಾದ ಜೋಡಿ ಓದತೀನ್ರಿ. ಹುಲಿಹೈದರದಾಗ ಇದ್ದ ದಿನಾ ನಾ ಇಲ್ಲ ಅಂತ ತಿಳ್ಕೋರಿ. ರಜಾ ದಿನಾ ನಾನ ಫೋನು ಹಚ್ಚತೀನಿ." ಶೇಂಗಾದವನ ಕೂಗು ದೂರವಾದ ಮೇಲೆ, "ನೀವು ಬರಿಯೂದು ಬ್ಯಾಡ ಅನ್ನಂಗಿಲ್ರಿ ನಾ. ಎಲ್ಲಾ ಒಮ್ಮೆಲೆ ಬಂದ್ರ ಯಾವುದಕ್ಕ ಖುಷಿ ಪಡಬೇಕು ತಿಳಿಯಂಗಿಲ್ಲ, ಅಷ್ಟ."

ಅಂದಿನಿಂದ ಒಂದು ನಡೆ ತಾನಾಗಿ ಹದಗೊಂಡಿತು. ಬೆಳಿಗ್ಗೆ ಶಾಲೆಯ ಬೆಲ್ಲಿಗೆ ಮೊದಲು ನಾನು ಒಂದನ್ನು ಬರೆದಿಡುತ್ತೇನೆ, ಉತ್ತರ ಬೇಡದ್ದು: ನಿನ್ನೆ ಕಂಡದ್ದು, ಒಬ್ಬ ಹುಡುಗಿ ಹೇಳಿದ್ದು. ಅವರು ಅದನ್ನು ಚಹಾದ ಜೊತೆ ಓದುತ್ತಾರೆ; ಮನಸ್ಸಾದರೆ ಒಂದು ಸಾಲು, ಇಲ್ಲದಿದ್ದರೆ ಎರಡು ನೀಲಿ ಗೆರೆ. ಓದಿದರು ಎಂಬುದೇ ಆ ದಿನಕ್ಕೆ ಸಾಕು. ಕೇಳುವುದಿದ್ದರೆ ಒಂದೇ ಪ್ರಶ್ನೆ, ಅದೂ ನನಗೆ ನಿಜವಾಗಿ ತಿಳಿಯಬೇಕಾದದ್ದು. ಒಂದಕ್ಕೆ ಉತ್ತರ ಬಾರದಿದ್ದರೆ ಮೇಲೊಂದು ಪೇರಿಸುವುದಿಲ್ಲ. ಪರೀಕ್ಷಾ ಕೆಲಸವಿದ್ದ ವಾರ, ನಾಲ್ಕು ದಿನ ಬರೆಯಲಾಗುವುದಿಲ್ಲ ಎಂದು ಮೊದಲೇ ಹೇಳುತ್ತೇನೆ. ಹೇಳಿ ಸುಮ್ಮನಾಗುವುದಕ್ಕೂ ಹೇಳದೆ ಸುಮ್ಮನಾಗುವುದಕ್ಕೂ ಎಷ್ಟು ಅಂತರವೆಂದು ಇಬ್ಬರಿಗೂ ಗೊತ್ತಾಗಿದೆ. ಅವರು ಕೊನೆಗೆ ಯಾವಾಗ ಫೋನು ತೆರೆದರು ಎಂದು ನೋಡುವ ಚಟ ಬಿಡಲು ಮಾತ್ರ ತಿಂಗಳು ಹಿಡಿಯಿತು. ಈಗಲೂ ಒಮ್ಮೊಮ್ಮೆ ನೋಡುತ್ತೇನೆ, ಸುಳ್ಳೇಕೆ?

ನಾನು ಕಡಿಮೆ ಮಾಡಿದ ಮೇಲೆ ಇನ್ನೊಂದು ಬೆರಗು ನಡೆಯಿತು. ಖಾಲಿಯಾದ ಜಾಗಕ್ಕೆ ಅವರು ಬರತೊಡಗಿದರು. ಕನಕಗಿರಿಯ ಹತ್ತಿರ ದಾರಿಗೆ ಅಡ್ಡ ಬಂದ ನವಿಲಿನ ಸುದ್ದಿ, ತಾವರಗೇರಿಯಲ್ಲಿ ಬಸ್ಸು ಹತ್ತಿ, ಸೀಟಿಗಾಗಿ ಜಗಳಾಡಿ ಕುಷ್ಟಗಿಯಲ್ಲಿ ಬೀಗರಂತೆ ಇಳಿದ ಇಬ್ಬರು ಮುದುಕಿಯರ ಕಥೆ. ನಾನು ಮೊದಲು ಅವರಿಗೆ ಮಾತಾಡಲು ತೆರಪೇ ಬಿಟ್ಟಿರಲಿಲ್ಲ. ಹತ್ತು ಗಂಟೆಯ ತರಗತಿಗೆ ಹೊರಟಾಗ, ಇಲ್ಲಿಂದ ಎಷ್ಟೋ ದೂರದಲ್ಲಿ ಒಂದು ಬಸ್ಸು ಭತ್ತದ ಹಸಿರಿನ ನಡುವೆ ಸಾಗುತ್ತಿದೆ, ಅದರ ಮುಂದಿನ ಸೀಟಿನ ಬ್ಯಾಗಿನಲ್ಲಿ ನನ್ನ ಒಂದು ಸಾಲು ಓದಿಸಿಕೊಳ್ಳದೆ ಬೆಚ್ಚಗೆ ಮಲಗಿದೆ ಎಂದು ನೆನೆಯುವುದೇ ಒಂದು ಸುಖ. ಅವ್ವನ ಫೋನಿನಲ್ಲಿ ಅಳಿಸಿಹೋದ ಆ ಪುಟ್ಟ ಲಕೋಟೆ ಇಷ್ಟು ವರ್ಷ ಎಲ್ಲೆಲ್ಲೋ ಅಲೆದು, ಕೊನೆಗೆ ಒಬ್ಬ ಓದುವವರ ಮಡಿಲಿಗೆ ಬಿದ್ದಂತೆ ನನಗೆ ಭಾಸವಾಗುತ್ತದೆ.

ಕಳೆದ ತಿಂಗಳು ದಸರೆಯ ರಜೆಗೆ ಊರಲ್ಲಿದ್ದೆ. ಕೌದಿ ಮುಗಿಯುತ್ತ ಬಂದಿತ್ತು; ಅವ್ವನೂ ನಾನೂ ಎದುರುಬದುರು ಅಂಚುಗಳಿಂದ ಹೊಲಿಯುತ್ತ ಕೊನೆಯ ಸಾಲುಗಳಿಗೆ ಸಮೀಪಿಸಿದ್ದೆವು. ಹತ್ತೂ ನಲವತ್ತಕ್ಕೆ ಫೋನು ಒಮ್ಮೆ, ಒಂದೇ ಸಲ, ಮಿಣುಕಿತು. "ಅಕ್ಕ, ಅವ್ವ, ನಾನು ಮೂರೂ ಮಂದಿ ಭಾನುವಾರ ಬೇವೂರಿಗೆ ಬರಬೇಕಂತ ಮಾಡೀವ್ರಿ. ನಿಮ್ಮ ಮನ್ಯಾಗ ಕೇಳಿ ಹೇಳ್ರಿ. ಅವಸರಿಲ್ಲ."

ಮೊದಲಿನ ನಾನಾಗಿದ್ದರೆ ಆ ಕ್ಷಣಕ್ಕೆ ಇಪ್ಪತ್ತಮೂರು ಸಾಲು ಬರೆಯುತ್ತಿದ್ದೆ. ಈಗಲೂ ಅವು ಬೆರಳ ತುದಿಗೆ ಬಂದು ನಿಂತವು, ನಿಲ್ಲಲಿ ಎಂದು ಬಿಟ್ಟೆ. ಅವ್ವನಿಗೆ ಓದಿ ಹೇಳಿದೆ, ಯಾರು ಏನು ಎಂಬುದನ್ನೆಲ್ಲ ಮೊದಲಿನಿಂದ ಹೇಳಿದೆ. ಅವಳು ಸೂಜಿ ನಿಲ್ಲಿಸದೆ ಕೇಳಿದಳು, ಕೊನೆಗೆ "ನಿಮ್ಮಪ್ಪಗ ನಾ ಹೇಳತೀನಿ" ಅಂದಳು. ಹೇಳಿ ಮುಗಿಯುವಾಗ ನಾವಿಬ್ಬರೂ ಒಂದು ಸಾಲು ಪೂರ್ತಿ ಹೊಲಿದಿದ್ದೆವು. ಅಂಗೈಯಿಂದ ಸವರಿ ನೋಡಿದೆ, ಎಲ್ಲಿಯೂ ನಿರಿಗೆ ಇರಲಿಲ್ಲ. ಆಮೇಲೆ ಫೋನು ತೆಗೆದುಕೊಂಡು ಬರೆದೆ: "ಬರ್ರಿ."

ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಅದರೊಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಾರೆ. ಹೊದಿಕೆಯ ಹೊಟ್ಟೆ ಖಾಲಿ ಇರಬಾರದೆಂದು. ಅಂದು ಎಲ್ಲ ಸಾಲು ಮುಗಿದರೂ ಅವ್ವ ಆ ಮೂಲೆಯನ್ನು ಮುಚ್ಚಲಿಲ್ಲ. ಸೂಜಿಗೆ ದಾರ ಪೋಣಿಸಿಟ್ಟು, ಅದನ್ನು ಬಟ್ಟೆಗೆ ಚುಚ್ಚಿ, ಮೇಲೆದ್ದಳು.

"ಇದೊಂದು ಇರಲಿ. ಭಾನುವಾರ ಹೋಳಿಗಿ ಮಾಡತೀನಲ್ಲ," ಅಂದಳು.